ಅಜ್ಜಿಯ ಫೋಟೊ ಮಸುಕಾಗದಿರಲು: ಮೊಬೈಲ್ ಕ್ಯಾಮೆರಾದಲ್ಲಿ ಮೊದಲು ಸರಿಪಡಿಸಬೇಕಾದ ಸೆಟ್ಟಿಂಗ್‌ಗಳು

ಫೋನಿನ ಡಬ್ಬಿಯ ಮೇಲೆ 50 ಮೆಗಾಪಿಕ್ಸೆಲ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆದರೂ ಅದರಲ್ಲಿ ತೆಗೆದ ಚಿತ್ರವನ್ನು ಫ್ರೇಮ್ ಹಾಕಿಸಲೆಂದು ಕೊಟ್ಟಾಗ ಸ್ಟುಡಿಯೋದವರು ‘ಪಿಕ್ಸೆಲ್ ಒಡೆಯುತ್ತದೆ, ಇಷ್ಟು ದೊಡ್ಡದು ಬರುವುದಿಲ್ಲ’ ಎನ್ನುತ್ತಾರೆ. ಹೀಗೇಕೆ ಎಂದು ಕೇಳುವ ಓದುಗರ ಪತ್ರಗಳು ಮತ್ತೆ ಮತ್ತೆ ಬರುತ್ತಿವೆ. ಅವುಗಳಲ್ಲಿ ಹೆಚ್ಚಿನವು ಮನೆಯ ಹಿರಿಯರ ಫೋಟೊಕ್ಕೆ ಸಂಬಂಧಿಸಿದವು. ಆದ್ದರಿಂದ ಇಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ಹೋಗುತ್ತೇನೆ: ಬೆಳಗಿನ ಹೊತ್ತು ಜಗಲಿಯ ಮೇಲೆ ಕುಳಿತ ಅಜ್ಜಿ, ಅವರ ಹಿಂದೆ ಬಿಸಿಲು ತುಂಬಿದ ಅಂಗಳ, ಪಕ್ಕದಲ್ಲಿ ಮರದ ಕಂಬ, ಈ ಚಿತ್ರವನ್ನು 12×18 ಇಂಚಿನ ಅಳತೆಯಲ್ಲಿ ಮುದ್ರಿಸಿ ಗೋಡೆಗೆ ತೂಗುಹಾಕಬೇಕು.

ಇದಕ್ಕೆ ಬೇಕಾಗುವುದು ಇಷ್ಟೇ: ಈಗ ನಿಮ್ಮ ಬಳಿ ಇರುವ ಫೋನು, ಮೆತ್ತನೆಯ ಒಣ ಹತ್ತಿಬಟ್ಟೆ, ಸೆಟ್ಟಿಂಗ್‌ಗಳನ್ನು ಬದಲಿಸಲು ಹತ್ತು ನಿಮಿಷ. ಬೇರೆ ಆ್ಯಪ್ ಹಾಕಿಕೊಳ್ಳುವ ಅಗತ್ಯವಿಲ್ಲ. ಮೆನುವಿನ ಹೆಸರುಗಳು ಕಂಪನಿಯಿಂದ ಕಂಪನಿಗೆ ತುಸು ಬೇರೆಯಾಗಿರುತ್ತವೆಯಾದ್ದರಿಂದ, ಪರದೆಯ ಮೇಲೆ ಕಾಣುವ ಪದವನ್ನು ಅಗತ್ಯವಿದ್ದೆಡೆ ಹಾಗೆಯೇ ಕೊಟ್ಟಿದ್ದೇನೆ.

1. ಮೊದಲು ಮಸುಕು ಯಾವ ಬಗೆಯದೆಂದು ಗುರುತಿಸಿ

ಸೆಟ್ಟಿಂಗ್‌ಗೆ ಕೈ ಹಾಕುವ ಮೊದಲು, ಚೆನ್ನಾಗಿ ಬಂದಿಲ್ಲವೆಂದು ನಿಮಗೆ ಅನ್ನಿಸಿದ ಹಳೆಯ ಫೋಟೊವೊಂದನ್ನು ತೆರೆದು, ಎರಡು ಬೆರಳಿನಿಂದ ಹಿಗ್ಗಿಸಿ ಕಣ್ಣಿನ ಭಾಗವನ್ನು ನೋಡಿ. ಹುಬ್ಬಿನ ಕೂದಲು ಒಂದೇ ದಿಕ್ಕಿಗೆ ಎಳೆದಂತೆ, ಜೋಡಿಜೋಡಿಯಾಗಿ ಕಂಡರೆ ಕೈ ಅಲುಗಿದೆ. ಮುಖ ಮಸುಕಾಗಿದ್ದು ಹಿಂದಿನ ಗೋಡೆಯ ಗಾರೆಯ ಗೀರು ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಾದ ಕಡೆ ಕುಳಿತಿದೆ. ಇಡೀ ಚಿತ್ರಕ್ಕೆ ಮಂಜು ಕವಿದಂತಿದ್ದು, ಬೆಳಕಿನ ಸುತ್ತ ಗೆರೆಗಳು ಹರಡಿದ್ದರೆ ಲೆನ್ಸಿನ ಮೇಲೆ ಬೆರಳಿನ ಎಣ್ಣೆಯಿದೆ. ಬಟ್ಟೆಯಿಂದ ಒರೆಸಿದರೆ ಅಲ್ಲಿಗೆ ಮುಗಿಯಿತು. ಹುಬ್ಬು, ರೆಪ್ಪೆ, ಸೀರೆಯ ಅಂಚು ಎಲ್ಲವೂ ಚೆನ್ನಾಗಿದ್ದು ಕೆನ್ನೆ ಮಾತ್ರ ಮೇಣ ಸವರಿದಂತಿದ್ದರೆ ಅದು ಬ್ಯೂಟಿ ಫಿಲ್ಟರಿನ ಕೆಲಸ. ಹಿಗ್ಗಿಸಿದ ಕೂಡಲೇ ಚಿಕ್ಕ ಚಿಕ್ಕ ಚೌಕಗಳು ಕಾಣತೊಡಗಿದರೆ ಚಿತ್ರದಲ್ಲಿ ಪಿಕ್ಸೆಲ್‌ಗಳೇ ಸಾಲದಾಗಿವೆ.

ಈ ಪೈಕಿ ಕೊನೆಯ ಎರಡನ್ನು ಪ್ರತ್ಯೇಕವಾಗಿ ಗಮನಿಸಬೇಕು. ಏಕೆಂದರೆ ಅಲ್ಲಿ ಕ್ಯಾಮೆರಾ ವಿವರಗಳನ್ನು ಸೆರೆಹಿಡಿದಿರುತ್ತದೆ; ಆಮೇಲೆ ಫೋನೇ ಅದನ್ನು ಕತ್ತರಿಸಿಯೋ ಉಜ್ಜಿಯೋ ಎಸೆದಿರುತ್ತದೆ. ಮುಂದಿನ ಹಂತಗಳ ಕೆಲಸವೆಲ್ಲ ಬಹುಪಾಲು ಆ ಎಸೆಯುವಿಕೆಯನ್ನು ತಡೆಯುವುದೇ ಆಗಿದೆ.

2. ಅನುಪಾತ ಮತ್ತು ರೆಸಲ್ಯೂಷನ್

ರೆಸಲ್ಯೂಷನ್ ಎಂದರೆ ಚಿತ್ರದಲ್ಲಿ ಎಷ್ಟು ಚುಕ್ಕೆಗಳಿವೆ ಎಂಬ ಲೆಕ್ಕ. ಒಂದೊಂದು ಚುಕ್ಕೆಯೂ ಒಂದು ಪಿಕ್ಸೆಲ್, ಹತ್ತು ಲಕ್ಷ ಪಿಕ್ಸೆಲ್ ಸೇರಿದರೆ ಒಂದು ಮೆಗಾಪಿಕ್ಸೆಲ್. ಕ್ಯಾಮೆರಾ ಆ್ಯಪ್ ತೆರೆದು, ಮೇಲ್ಭಾಗದ ಪಟ್ಟಿಯಲ್ಲೋ ಒಳಗಿನ ಸೆಟ್ಟಿಂಗ್‌ನಲ್ಲೋ 3:4, 9:16, 1:1, Full ಎಂಬ ಆಯ್ಕೆಗಳನ್ನು ಹುಡುಕಿ. ಇವು ಚಿತ್ರದ ಅಗಲ ಮತ್ತು ಎತ್ತರದ ಅನುಪಾತಗಳು. ಇಲ್ಲಿ 3:4 ಅನ್ನೇ ಆರಿಸಿಕೊಳ್ಳಿ. ಕೆಲವು ಫೋನುಗಳಲ್ಲಿ ಇದನ್ನೇ 4:3 ಎಂದು ಬರೆದಿರುತ್ತಾರೆ.

ಕಾರಣ ಸರಳವಾಗಿದೆ. ಫೋನುಗಳ ಸೆನ್ಸರ್, ಅಂದರೆ ಬೆಳಕನ್ನು ಹಿಡಿಯುವ ಚಿಪ್, ಸಾಮಾನ್ಯವಾಗಿ 4:3 ಆಕಾರದ್ದೇ. Full ಎಂದು ಆರಿಸಿದರೆ ಪರದೆಯ ಉದ್ದಕ್ಕೂ ಚಿತ್ರ ತುಂಬಿ ನೋಡಲು ದೊಡ್ಡದಾಗಿ ಕಾಣುತ್ತದೆ. ಆದರೆ ಅದು ಸೆನ್ಸರಿನ ಎರಡೂ ಬದಿಗಳನ್ನು ಕತ್ತರಿಸಿ ಉಳಿದ ಪಟ್ಟಿ ಮಾತ್ರ. Full ಎಂಬ ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ. ನಾನೂ ಮದುವೆಯೊಂದರ ಚಿತ್ರಗಳನ್ನೆಲ್ಲ ಹೀಗೇ ತೆಗೆದು, ಆಲ್ಬಮ್ಮಿನ ಅಳತೆಗೆ ಕತ್ತರಿಸುವಾಗ ಪೇಚಿಗೆ ಸಿಕ್ಕಿದ್ದೆ.

ನಮ್ಮ ಅಜ್ಜಿಯ ಚಿತ್ರದ ಲೆಕ್ಕವನ್ನು ನೋಡೋಣ. 50 ಮೆಗಾಪಿಕ್ಸೆಲ್ಲಿನ ಅನೇಕ ಫೋನುಗಳು ಮಾಮೂಲಿ ಸ್ಥಿತಿಯಲ್ಲಿ 4080×3060 ಪಿಕ್ಸೆಲ್ಲಿನ, ಅಂದರೆ ಸುಮಾರು 12.5 ಮೆಗಾಪಿಕ್ಸೆಲ್ಲಿನ ಚಿತ್ರವನ್ನು ಉಳಿಸುತ್ತವೆ. ಅದನ್ನು 12×18 ಇಂಚಿನ ಕಾಗದದ ಆಕಾರಕ್ಕೆ ಕತ್ತರಿಸಿದರೆ 4080×2720 ಉಳಿಯುತ್ತದೆ, ಎಂದರೆ ಮುದ್ರಣದಲ್ಲಿ ಇಂಚಿಗೆ ಸುಮಾರು 227 ಚುಕ್ಕೆಗಳು ಸಿಗುತ್ತವೆ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಇಂಚಿಗೆ 300 ಚುಕ್ಕೆ ಬೇಕೆನ್ನುವುದು ರೂಢಿ. ಗೋಡೆಯ ಮೇಲಿನ ಚಿತ್ರವನ್ನು ನಾವು ದೂರದಿಂದ ನೋಡುವುದರಿಂದ 200 ಇದ್ದರೂ ಸಾಕು. ಅದೇ ಫೋನಿನಲ್ಲಿ Full ಅನುಪಾತದಲ್ಲಿ ತೆಗೆದರೆ ಚಿತ್ರ 4080×1836 ಆಗುತ್ತದೆ. ಅದರಿಂದ 12×18ರ ಆಕಾರ ಕತ್ತರಿಸಿದರೆ ಉಳಿಯುವುದು 2754×1836, ಇಂಚಿಗೆ 153 ಚುಕ್ಕೆ. ಸ್ಟುಡಿಯೋದವರು ಆಗದೆಂದು ತಲೆಯಾಡಿಸುವುದು ಚುಕ್ಕೆಗಳು ಇಷ್ಟಕ್ಕೆ ಇಳಿದಾಗ.

ಹಾಗಾದರೆ ಡಬ್ಬಿಯ ಮೇಲಿನ 50 ಮೆಗಾಪಿಕ್ಸೆಲ್ ಎಲ್ಲಿ ಹೋಯಿತು? ಇಷ್ಟೊಂದು ಪಿಕ್ಸೆಲ್‌ಗಳನ್ನು ಉಗುರಿಗಿಂತ ಚಿಕ್ಕ ಚಿಪ್ಪಿನಲ್ಲಿ ಕೂರಿಸಬೇಕಾದರೆ ಪ್ರತಿಯೊಂದೂ ತೀರ ಚಿಕ್ಕದಾಗಿರಬೇಕು, ಚಿಕ್ಕದಕ್ಕೆ ಸಿಗುವ ಬೆಳಕೂ ಕಡಿಮೆ. ಆದ್ದರಿಂದ ಫೋನು ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳನ್ನು ಒಟ್ಟುಗೂಡಿಸಿ ಒಂದರಂತೆ ಬಳಸುತ್ತದೆ. ಇದಕ್ಕೆ ಪಿಕ್ಸೆಲ್ ಬಿನ್ನಿಂಗ್ ಎನ್ನುತ್ತಾರೆ. ಐವತ್ತನ್ನು ನಾಲ್ಕರಿಂದ ಭಾಗಿಸಿದರೆ ಹನ್ನೆರಡೂವರೆ. 108 ಮೆಗಾಪಿಕ್ಸೆಲ್ಲಿನಲ್ಲಿ ಒಂಬತ್ತು ಸೇರಿ ಒಂದಾಗುತ್ತವೆ, 200ರಲ್ಲಿ ಹದಿನಾರು. ಎಲ್ಲದರ ಕೊನೆಯ ಉತ್ತರವೂ ಹೆಚ್ಚುಕಡಿಮೆ ಹನ್ನೆರಡೇ ಎಂಬುದನ್ನು ಗಮನಿಸಿ.

50MP ಎಂಬ ಆಯ್ಕೆಯನ್ನು ಒತ್ತಿ ಪೂರ್ತಿ ಪಿಕ್ಸೆಲ್‌ಗಳನ್ನು ಪಡೆಯಬಹುದು; ಆದರೆ ಅದನ್ನು ಸದಾ ಇಟ್ಟುಕೊಳ್ಳಬೇಡಿ. ಹೊರಗಿನ ಒಳ್ಳೆಯ ಬೆಳಕಿನಲ್ಲಿ, ಅಲುಗದ ವಸ್ತುವಿಗೆ, ಉದಾಹರಣೆಗೆ ದೇವಸ್ಥಾನದ ಗೋಡೆಯ ಕೆತ್ತನೆಗೆ ಅದು ಒದಗುತ್ತದೆ. ಜಗಲಿಯ ನೆರಳಿನಲ್ಲಿ ಅದೇ ಆಯ್ಕೆ ಕೆನ್ನೆಯ ಮೇಲೆ ರವೆ ಚೆಲ್ಲಿದಂಥ ಕಾಳುಕಾಳನ್ನು ತರುತ್ತದೆ. ಜೊತೆಗೆ ಹಲವು ಫೋನುಗಳಲ್ಲಿ ಆ ಸ್ಥಿತಿಯಲ್ಲಿ, ಬಿಸಿಲು ನೆರಳು ಎರಡನ್ನೂ ಸರಿದೂಗಿಸುವ ಎಚ್‌ಡಿಆರ್ ಕೆಲಸ ಮಾಡುವುದಿಲ್ಲ. ಅಜ್ಜಿಯ ಚಿತ್ರಕ್ಕೆ 3:4 ಅನುಪಾತ, ಮಾಮೂಲಿ 12 ಮೆಗಾಪಿಕ್ಸೆಲ್. ಇದೇ ನನ್ನ ಸಲಹೆ.

3. ಬ್ಯೂಟಿ ಫಿಲ್ಟರನ್ನು ಸೊನ್ನೆಗೆ ಇಳಿಸಿ

ಈ ಫಿಲ್ಟರ್ ಚಿತ್ರದಲ್ಲಿ ಮುಖವೆಲ್ಲಿದೆ ಎಂದು ಗುರುತಿಸಿ, ಚರ್ಮದ ಭಾಗದಲ್ಲಿರುವ ಸಣ್ಣಪುಟ್ಟ ಬಣ್ಣವ್ಯತ್ಯಾಸಗಳನ್ನು ಸವರಿ ಸಮ ಮಾಡುತ್ತದೆ. ಮೊಡವೆಯನ್ನು ಅಳಿಸುವುದು ಅದರ ಉದ್ದೇಶವಿರಬಹುದು, ಆದರೆ ಸುಕ್ಕಿಗೂ ಮೊಡವೆಗೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಎಂಬತ್ತು ವರ್ಷದ ಮುಖದ ಗೆರೆಗಳು ಹೋಗುತ್ತವೆ, ಕುಂಕುಮದ ಅಂಚು ಹಣೆಗೆ ಕರಗಿದಂತಾಗುತ್ತದೆ, ಮೂಗುಬೊಟ್ಟಿನ ಹರಳು ಬರಿಯ ಬಿಳಿಚುಕ್ಕೆಯಾಗುತ್ತದೆ. ಮೈಬಣ್ಣವನ್ನು ಬೆಳ್ಳಗೆ ಮಾಡುವುದಂತೂ ಇನ್ನೊಂದು ಅಧಿಕಪ್ರಸಂಗ. ಒಮ್ಮೆ ಹೀಗೆ ಸವರಿ ಉಳಿಸಿದ ಚಿತ್ರದಿಂದ ಮೂಲ ವಿವರಗಳನ್ನು ಮತ್ತೆ ತರಲು ಬರುವುದಿಲ್ಲ.

ತೆಗೆಯುವ ಕ್ರಮ ಹೀಗಿದೆ. ಕ್ಯಾಮೆರಾದಲ್ಲಿ ಮಾಂತ್ರಿಕನ ಕೋಲಿನಂತೆಯೋ ನಗುವ ಮುಖದಂತೆಯೋ ಇರುವ ಗುರುತನ್ನು ಒತ್ತಿ. ಅಲ್ಲಿ Beauty, Beautify ಅಥವಾ Face ಎಂಬ ಭಾಗ ತೆರೆದುಕೊಳ್ಳುತ್ತದೆ. ಅದರೊಳಗೆ ಒಂದೇ ಜಾರುಪಟ್ಟಿ ಇರಬಹುದು. ಇಲ್ಲವೇ ಚರ್ಮ ನಯಗೊಳಿಸುವುದು, ಬಣ್ಣ, ಗಲ್ಲದ ಆಕಾರ, ಕಣ್ಣಿನ ಗಾತ್ರ ಎಂದು ನಾಲ್ಕಾರು ಇರಬಹುದು. ಎಲ್ಲವನ್ನೂ ಸೊನ್ನೆಗೆ ತನ್ನಿ. ಗೂಗಲ್ ಕಂಪನಿಯ ಪಿಕ್ಸೆಲ್ ಫೋನುಗಳಲ್ಲಿ ಇದರ ಹೆಸರು Face retouching; ಅದನ್ನು Off ಮಾಡಿ. ಐಫೋನಿನ ಸ್ವಂತ ಕ್ಯಾಮೆರಾದಲ್ಲಿ ಇಂಥ ಜಾರುಪಟ್ಟಿ ಇಲ್ಲ, ಐಫೋನಿನವರು ಮುಂದಿನ ಹಂತಕ್ಕೆ ಹೋಗಬಹುದು.

ಇಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ. ಮೊದಲನೆಯದಾಗಿ, ಫಿಲ್ಟರ್ ಒಂದೇ ಕಡೆ ಇರುವುದಿಲ್ಲ. ಮುಂದಿನ ಕ್ಯಾಮೆರಾಕ್ಕೆ ಒಂದು, ಹಿಂದಿನದಕ್ಕೆ ಒಂದು, ಪೋರ್ಟ್ರೇಟ್ ಮೋಡ್‌ಗೆ ಬೇರೆ, ವಿಡಿಯೋಕ್ಕೆ ಮತ್ತೂ ಬೇರೆ ಎಂದು ಇರುವ ಫೋನುಗಳುಂಟು. ಒಂದೊಂದನ್ನೂ ತೆರೆದು ಪ್ರತ್ಯೇಕವಾಗಿ ಸೊನ್ನೆ ಮಾಡಬೇಕು. ಎರಡನೆಯದಾಗಿ, ಆ್ಯಪ್ ಮುಚ್ಚಿದ ಕೂಡಲೇ ಕೆಲವು ಫೋನುಗಳು ನಿಮ್ಮ ಆಯ್ಕೆಯನ್ನು ಮರೆತು ಮೊದಲಿನ ಸ್ಥಿತಿಗೆ ಮರಳುತ್ತವೆ. ಇದಕ್ಕೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ Settings to keep ಅಥವಾ Preserve Settings ಎಂಬಂಥ ಆಯ್ಕೆ ಇದೆಯೇ ಎಂದು ನೋಡಿ, ಅದನ್ನು ಚಾಲೂ ಮಾಡಿ. ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೂ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಸೊನ್ನೆ ಮಾಡಿದ ಮೇಲೂ ಮುಖ ನಯವಾಗಿಯೇ ಬರುತ್ತಿದೆ ಎನ್ನುವವರಿಗೆ ಒಂದು ಮಾತು. ಬೆಳಕು ಸಾಲದಾದಾಗ ಚಿತ್ರದಲ್ಲಿ ಕಾಳುಗಳು ಏಳುತ್ತವೆ, ಫೋನು ಅವನ್ನು ಅಳಿಸಲು ಇಡೀ ಚಿತ್ರವನ್ನೇ ಸ್ವಲ್ಪ ಸವರುತ್ತದೆ. ಇದಕ್ಕೆ ನಾಯ್ಸ್ ರಿಡಕ್ಷನ್ ಎಂದು ಹೆಸರು. ಮಾಮೂಲಿ ಫೋಟೊ ಮೋಡ್‌ನಲ್ಲಿ ಇದನ್ನು ನಿಲ್ಲಿಸಲು ಗುಂಡಿಯಿಲ್ಲ. ಎರಡನ್ನೂ ಬೇರ್ಪಡಿಸಿ ಗುರುತಿಸುವ ಉಪಾಯವೆಂದರೆ ಸೀರೆಯನ್ನು ನೋಡುವುದು: ಚರ್ಮ ನಯವಾಗಿದ್ದು ಸೀರೆಯ ನೇಯ್ಗೆ ಸ್ಪಷ್ಟವಾಗಿದ್ದರೆ ಫಿಲ್ಟರ್ ಇನ್ನೂ ಎಲ್ಲೋ ಉಳಿದಿದೆ, ನೇಯ್ಗೆಯೂ ಸವರಿದಂತಿದ್ದರೆ ಬೆಳಕು ಕಡಿಮೆಯಾಗಿದೆ, ಅಜ್ಜಿಯ ಕುರ್ಚಿಯನ್ನು ಬೆಳಕಿನ ಕಡೆಗೆ ಎರಡಡಿ ಸರಿಸುವುದೇ ಮದ್ದು.

4. ಎಚ್‌ಡಿಆರ್: ಯಾವಾಗ ಬೇಕು, ಯಾವಾಗ ಬೇಡ

ಹೈ ಡೈನಾಮಿಕ್ ರೇಂಜ್ ಎಂಬುದರ ಚಿಕ್ಕರೂಪ ಎಚ್‌ಡಿಆರ್. ಜಗಲಿಯ ನೆರಳಿಗೂ ಅಂಗಳದ ಬಿಸಿಲಿಗೂ ಇರುವ ಅಂತರವನ್ನು ನಮ್ಮ ಕಣ್ಣು ನಿಭಾಯಿಸುತ್ತದೆ, ಸೆನ್ಸರ್ ಒಂದೇ ಸಲಕ್ಕೆ ನಿಭಾಯಿಸಲಾರದು. ಪರದೆಯಲ್ಲಿ ಅಜ್ಜಿಯ ಮುಖವನ್ನು ಮುಟ್ಟಿದರೆ ಅಂಗಳ ಸುಣ್ಣ ಬಳಿದಂತೆ ಬಿಳಿಯಾಗುತ್ತದೆ. ಅಂಗಳವನ್ನು ಮುಟ್ಟಿದರೆ ಮುಖ ಕಪ್ಪಾಗುತ್ತದೆ. ಎಚ್‌ಡಿಆರ್ ಚಾಲೂ ಇದ್ದಾಗ ಫೋನು ಒಂದೇ ಒತ್ತಿಗೆ ಹಲವು ಚಿತ್ರಗಳನ್ನು ಬೇಗಬೇಗನೆ ತೆಗೆದು, ಬಿಸಿಲಿನ ಭಾಗದ ವಿವರವನ್ನು ಮಬ್ಬಾದ ಚಿತ್ರದಿಂದಲೂ ನೆರಳಿನ ವಿವರವನ್ನು ಬೆಳಕಾದ ಚಿತ್ರದಿಂದಲೂ ಆಯ್ದು ಜೋಡಿಸುತ್ತದೆ. ಪೂರ್ತಿ ಬಿಳಿಯಾದ ಅಥವಾ ಪೂರ್ತಿ ಕಪ್ಪಾದ ಜಾಗದಲ್ಲಿ ಯಾವ ವಿವರವೂ ಇರದಾದ್ದರಿಂದ, ಇದು ಬೆಳಕಿನ ವಿಷಯವಾಗಿರುವಷ್ಟೇ ಸ್ಪಷ್ಟತೆಯ ವಿಷಯವೂ ಹೌದು.

ಸೆಟ್ಟಿಂಗ್‌ನಲ್ಲಿ HDR ಅಥವಾ Auto HDR ಎಂದಿರುತ್ತದೆ. ಅದನ್ನು Auto ಸ್ಥಿತಿಯಲ್ಲಿಡಿ. ಈಚಿನ ಐಫೋನುಗಳಲ್ಲಿ ಇದು ತಾನೇ ನಡೆಯುತ್ತದೆ, ನೀವೇನೂ ಮಾಡಬೇಕಾಗಿಲ್ಲ.

ಈ ವಿಧಾನದ ದೌರ್ಬಲ್ಯ ಅದರ ಕ್ರಮದಲ್ಲೇ ಇದೆ. ಹಲವು ಚಿತ್ರಗಳನ್ನು ಜೋಡಿಸುವ ನಡುವೆ ವಸ್ತು ಚಲಿಸಿದರೆ ಅದು ಎರಡೆರಡಾಗಿ ಕಾಣುತ್ತದೆ. ಗಾಳಿಗೆ ಆಡುವ ಬಾಳೆಲೆಯ ಅಂಚು, ಉಯ್ಯಾಲೆಯ ಮಗು, ಕಂಬಳದ ಓಟದ ಕೋಣ, ಇವೆಲ್ಲ ಅದಕ್ಕೆ ಆಗದ ವಿಷಯಗಳು; ಅಂಥಲ್ಲಿ ಎಚ್‌ಡಿಆರ್ ಆಫ್ ಮಾಡಿ. ತಲೆಯ ಸುತ್ತ ಬೆಳಕಿನ ತೆಳುವಾದ ಬಳೆಯಂತೆ ಕಂಡರೂ ಜೋಡಣೆ ಅತಿಯಾಗಿದೆ ಎಂದರ್ಥ. ಆಗ ಅಜ್ಜಿಯ ಹಿಂದೆ ಬಿಸಿಲು ಬೀಳದಂತೆ ನೀವೇ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯುವುದು ಯಾವ ಸೆಟ್ಟಿಂಗ್‌ಗಿಂತಲೂ ಮೇಲು.

ಇನ್ನೊಂದು ಸಾಮಾನ್ಯ ತಪ್ಪು: ಗುಂಡಿ ಒತ್ತಿದ ಮರುಕ್ಷಣವೇ ಫೋನನ್ನು ಕೆಳಗಿಳಿಸುವುದು. ಒತ್ತಿದ ಮೇಲೆ ‘ಒಂದು, ಎರಡು’ ಎಂದು ಮನಸ್ಸಿನಲ್ಲೇ ಎಣಿಸುವವರೆಗೆ ಕೈ ಹಾಗೆಯೇ ಇರಲಿ, ಅಜ್ಜಿಗೂ ಅಷ್ಟು ಹೊತ್ತು ಅಲುಗದಿರಲು ಹೇಳಿ.

5. ಗ್ರಿಡ್ ಗೆರೆಗಳು

ಗ್ರಿಡ್ ಎಂದರೆ ಪರದೆಯನ್ನು ಒಂಬತ್ತು ಮನೆಗಳಾಗಿ ಭಾಗಿಸುವ, ಉದ್ದಕ್ಕೆ ಎರಡು ಅಡ್ಡಕ್ಕೆ ಎರಡು ಗೆರೆಗಳು. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಕ್ಯಾಮೆರಾ ಆ್ಯಪ್ಪಿನ ಸೆಟ್ಟಿಂಗ್‌ನಲ್ಲಿ Grid, Grid lines ಅಥವಾ Grid type ಎಂದಿರುತ್ತದೆ; 3×3 ಆರಿಸಿ. ಐಫೋನಿನಲ್ಲಿ ಫೋನಿನ ಮುಖ್ಯ Settings ಒಳಗಿನ Camera ವಿಭಾಗದಲ್ಲಿದೆ. ಈ ಗೆರೆಗಳು ಫೋಟೊದ ಮೇಲೆ ಮೂಡುವುದಿಲ್ಲ. ಹೀಗೆ ಕೇಳಿದವರು ಒಬ್ಬಿಬ್ಬರಲ್ಲವಾದ್ದರಿಂದ ಹೇಳುತ್ತಿದ್ದೇನೆ.

ಗ್ರಿಡ್ಡಿಗೂ ಸ್ಪಷ್ಟತೆಗೂ ಏನು ಸಂಬಂಧ ಎನ್ನಬಹುದು. ಸೊಟ್ಟಗಿನ ಚಿತ್ರವನ್ನು ಆಮೇಲೆ ತಿರುಗಿಸಿ ನೆಟ್ಟಗೆ ಮಾಡಿದಾಗ ನಾಲ್ಕು ಮೂಲೆಗಳಲ್ಲಿ ಖಾಲಿ ಜಾಗ ಉಳಿಯುತ್ತದೆ, ಅದನ್ನು ತೆಗೆಯಲು ಅಂಚುಗಳನ್ನು ಕತ್ತರಿಸಲೇಬೇಕು. 4:3 ಚಿತ್ರವನ್ನು ಬರೀ ಮೂರು ಡಿಗ್ರಿ ತಿರುಗಿಸಿದರೂ ಅನುಪಾತ ಉಳಿಸಿಕೊಂಡು ಕತ್ತರಿಸುವಾಗ ಪಿಕ್ಸೆಲ್‌ಗಳಲ್ಲಿ ಸುಮಾರು ಎಂಟನೇ ಒಂದು ಭಾಗ ಹೋಗುತ್ತದೆ. ಉಳಿದ ಪಿಕ್ಸೆಲ್‌ಗಳನ್ನೂ ಹೊಸ ಜಾಗಕ್ಕೆ ಕೂರಿಸುವಾಗ ಚಿತ್ರ ತುಸು ಮೆತ್ತಗಾಗುತ್ತದೆ. ತೆಗೆಯುವಾಗಲೇ ಜಗಲಿಯ ಕಂಬವನ್ನು ಉದ್ದಗೆರೆಗೆ ಸಮನಾಗಿ ಹಿಡಿದರೆ ಈ ನಷ್ಟವೇ ಇಲ್ಲ. ಕಂಬದ ಬುಡ ಗೆರೆಯ ಮೇಲಿದ್ದು ತುದಿ ಒಳಗೆ ವಾಲಿದಂತೆ ಕಂಡರೆ ಫೋನು ಹಿಂದಕ್ಕೆ ಬಾಗಿದೆ. ಮೊಣಕಾಲೂರಿ, ಕುಳಿತ ಅಜ್ಜಿಯ ಎದೆಯ ಮಟ್ಟಕ್ಕೆ ಫೋನನ್ನು ತಂದು ನೆಟ್ಟಗೆ ಹಿಡಿಯಿರಿ.

6. ಈಗ ಚಿತ್ರ ತೆಗೆಯೋಣ

ಮುಂದಿನ ಕ್ಯಾಮೆರಾ ಬೇಡ, ಹಿಂದಿನದನ್ನೇ ಬಳಸಿ. 0.5 ಎಂದು ತೋರಿಸುವ ಅಗಲ ಲೆನ್ಸೂ ಬೇಡ. ಅದು ಅಂಚಿನಲ್ಲಿರುವ ಮುಖವನ್ನು ಎಳೆದು ಅಗಲ ಮಾಡುತ್ತದೆ. 1x ಇಟ್ಟುಕೊಂಡು ಒಂದೂವರೆ ಮೀಟರ್ ದೂರದಲ್ಲಿ ಕುಳಿತುಕೊಳ್ಳಿ. ಬೆರಳಿನಿಂದ ಎಳೆದು ಜೂಮ್ ಮಾಡುವ ಬದಲು ಹತ್ತಿರ ಸರಿಯಿರಿ, ಏಕೆಂದರೆ ಹಾಗೆ ಎಳೆದ ಜೂಮ್ ಬಹುಮಟ್ಟಿಗೆ ಕತ್ತರಿಸುವ ಕೆಲಸವೇ. ಫೋನು ನಿಲುವಾಗಿರಲಿ, ಅಜ್ಜಿಯ ಕಣ್ಣುಗಳು ಮೇಲಿನ ಅಡ್ಡಗೆರೆಯ ಆಸುಪಾಸಿನಲ್ಲಿರಲಿ. 12×18ಕ್ಕೆ ಕತ್ತರಿಸುವಾಗ ಅಗಲದಲ್ಲಿ ಒಂಬತ್ತನೇ ಒಂದು ಭಾಗ ಹೋಗುವುದರಿಂದ ಎಡಬಲಗಳಲ್ಲಿ ಸ್ವಲ್ಪ ಜಾಗ ಬಿಡಿ. ಮೊಣಕೈ ಅಂಚಿಗೆ ತಾಗುವಂತೆ ತೆಗೆದರೆ ಅದು ಮುದ್ರಣದಲ್ಲಿ ಕತ್ತರಿಸಿಹೋಗುತ್ತದೆ.

ಪರದೆಯಲ್ಲಿ ಹತ್ತಿರದ ಕಣ್ಣಿನ ಮೇಲೆ ಬೆರಳಿಟ್ಟು ಒತ್ತಿಹಿಡಿಯಿರಿ. ಫೋಕಸ್ ಅಲ್ಲಿಯೇ ನಿಲ್ಲುತ್ತದೆ, ಪಕ್ಕದಲ್ಲಿ ಸೂರ್ಯನ ಅಥವಾ ಬಲ್ಬಿನ ಚಿಕ್ಕ ಗುರುತು ಮೂಡುತ್ತದೆ. ಹಣೆ ಹೊಳೆಯುತ್ತಿದ್ದರೆ ಆ ಗುರುತನ್ನು ಕೂದಲೆಳೆಯಷ್ಟು ಕೆಳಗೆಳೆಯಿರಿ. ಮೊಣಕೈಗಳನ್ನು ಮೈಗೆ ಒತ್ತಿಕೊಂಡು, ಒಂದರ ಹಿಂದೆ ಒಂದರಂತೆ ಐದಾರು ಚಿತ್ರ ತೆಗೆಯಿರಿ. ಅಲ್ಲೇ ಹಿಗ್ಗಿಸಿ ನೋಡಿ: ರೆಪ್ಪೆಯ ಕೂದಲು ಬೇರೆಬೇರೆಯಾಗಿ, ಕುಂಕುಮದ ಅಂಚು ಗೆರೆ ಎಳೆದಂತೆ, ಸೀರೆಯ ಜರಿಯ ಎಳೆಗಳು ಎಣಿಸುವಂತೆ ಕಂಡರೆ ಆಯಿತು.

7. ಸ್ಟುಡಿಯೋಗೆ ಕಳುಹಿಸುವ ಬಗೆ

ಇಷ್ಟೆಲ್ಲ ಮಾಡಿ ಕೊನೆಗೆ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದರೆ ಅದರ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 18 ಇಂಚಿಗೆ ಹರಡಿದರೆ ಇಂಚಿಗೆ 89 ಚುಕ್ಕೆ, ಅಂದರೆ ಮೊದಲಿನ ಲೆಕ್ಕದ ಅರ್ಧವೂ ಅಲ್ಲ. ಗ್ಯಾಲರಿಯ ಬದಲು Document ಎಂಬ ಆಯ್ಕೆಯಿಂದ ಕಳುಹಿಸಿ, ಇಲ್ಲವೇ ಪೆನ್‌ಡ್ರೈವ್‌ಗೆ ಹಾಕಿ ಕೊಡಿ. ವಾಟ್ಸ್‌ಆ್ಯಪ್ ಅಥವಾ ಇನ್‌ಸ್ಟಾಗ್ರಾಮಿನ ಒಳಗಿನ ಕ್ಯಾಮೆರಾದಿಂದಲೇ ಫೋಟೊ ತೆಗೆದಿದ್ದರೆ, ಮೇಲೆ ಹೇಳಿದ ಯಾವ ಸೆಟ್ಟಿಂಗೂ ಅದಕ್ಕೆ ಅನ್ವಯಿಸಿರುವುದಿಲ್ಲ ಎಂಬುದೂ ನೆನಪಿರಲಿ.

ಐಫೋನಿನವರಿಗೂ ಕೆಲವು ಆ್ಯಂಡ್ರಾಯ್ಡ್ ಫೋನಿನವರಿಗೂ ಇಲ್ಲಿ ಒಂದು ತೊಡಕು ಎದುರಾಗಬಹುದು. ಹೊಸ ಫೋನುಗಳು ಜಾಗ ಉಳಿಸಲು ಚಿತ್ರವನ್ನು ಎಚ್‌ಇಐಸಿ ಎಂಬ ರೂಪದಲ್ಲಿ ಇಡುತ್ತವೆ, ಹಳೆಯ ಕಂಪ್ಯೂಟರಿನಲ್ಲಿ ಅದು ತೆರೆಯದೆ ಹೋಗಬಹುದು. ಐಫೋನಿನಲ್ಲಿ ಚಿತ್ರ ತೆಗೆಯುವ ಮೊದಲೇ Camera ವಿಭಾಗದ Formats ಒಳಗೆ Most Compatible ಆರಿಸಿಕೊಂಡರೆ ಎಲ್ಲರೂ ತೆರೆಯಬಲ್ಲ ಜೆಪೆಗ್ ರೂಪದಲ್ಲಿ ಉಳಿಯುತ್ತದೆ.

ಸ್ಟುಡಿಯೋದವರಿಗೆ ಫೈಲು ತಲುಪಿದ ಮೇಲೆ ಅವರ ಕಂಪ್ಯೂಟರಿನಲ್ಲಿ ಅದರ ಅಳತೆಯನ್ನು ತೋರಿಸಲು ಹೇಳಿ. ನಮ್ಮ ಉದಾಹರಣೆಯ ಫೋನಾದರೆ ಅಲ್ಲಿ 3060×4080 ಎಂದು ಕಾಣಬೇಕು. 1200×1600 ಎಂದು ಕಂಡರೆ ಮುದ್ರಣಕ್ಕೆ ಒಪ್ಪಬೇಡಿ, ಮೂಲ ಫೈಲನ್ನು ಇನ್ನೊಮ್ಮೆ ಕಳುಹಿಸಿ.